ಬ್ಯಾಂಕಿನ ನೋಡಲ್ ಆಫೀಸರಿಗೆ ಮೇಲ್ ಹಾಕ್ಬೇಕು, ಬೈದಂಗ ಆಗಬಾರ್ದು, ಹೆಂಗ ಬರೀಲಿ?

ಬಸು_ಕೋಥ್ರೂಡ್ · ಮಾರ್ಚ್ 22, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ್ರಿ. ನಂದು ಗದಗ, ಪುಣೆಗೆ ಬಂದು 6 ವರ್ಷ ಆತು. ಫೆಬ್ರವರಿ 8ಕ್ಕ, ಎರಡನೇ ಶನಿವಾರ, ಮನಿ ಬದಲಿ ಮಾಡೋದಿತ್ರಿ, ಕ್ಯಾಶ್ ಬೇಕಿತ್ತು. ಸಂಜಿ 7:42ಕ್ಕ ಕರ್ವೆ ರೋಡ್ ಮ್ಯಾಲಿನ ಒಂದು ಎಟಿಎಂನ್ಯಾಗ 10,000 ತೆಗೀಲಿಕ್ಕೆ ಒತ್ತಿದೆ. ನನ್ನ ಅಕೌಂಟ್ ಇರೋ ಬ್ಯಾಂಕಿಂದಲ್ಲ ಅದು, ಬ್ಯಾರೆ ಬ್ಯಾಂಕಿಂದು. ಒಳಗ ನೋಟ್ ಎಣಿಸೋ ಸಪ್ಪಳ ಪೂರಾ ಬಂತು, ಆದ್ರ ಬಾಯಿ ತೆರೀಲೇ ಇಲ್ಲ, ಚೀಟಿನೂ ಬರ್ಲಿಲ್ಲ, ಸ್ಕ್ರೀನ್ ಕರ್ರಗಾಗಿ ಮತ್ತ ಮೊದಲಿನ ಹಂಗ ಜಾಹೀರಾತು ತೋರಸ್ಲಿಕ್ಕೆ ಹತ್ತಿತು. ಮೊಬೈಲಿಗೆ ಮಾತ್ರ ರೊಕ್ಕ ಕಟ್ ಆತು ಅಂತ ಮೆಸೇಜ್ ಬಂತು. ಟೆಂಪೋದವ ಕಾಯ್ಕೋತ ನಿಂತಿದ್ದ, ಮುಂದ ಹೋಗಿ ಇನ್ನೊಂದು ಎಟಿಎಂನ್ಯಾಗ ತೆಗೆದು ಕೊಟ್ಟೆ, ಅದಿರ್ಲಿ.

ಮರುದಿನ ಕಸ್ಟಮರ್ ಕೇರಿಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೆ. 14ಕ್ಕ 'ನಿಮ್ಮ ದೂರು ಬಗೆಹರಿದಿದೆ' ಅಂತ ಮೆಸೇಜ್. ರೊಕ್ಕ ಬಂದಿಲ್ಲ, ಏನು ಬಗೆಹರಿತೋ! 17ಕ್ಕ ಬ್ರಾಂಚಿಗೆ ಹೋಗಿ ಪತ್ರ ಕೊಟ್ಟೆ, ಸೀಲ್ ಹಾಕಿಸ್ಕೊಂಡೆ, ಹೊಸ ನಂಬರ್ ಕೊಟ್ರು. 28ಕ್ಕ ಅದೂ ಮುಗೀತು. ಮಾರ್ಚ್ 3ಕ್ಕ ಇಮೇಲ್ ಹಾಕಿದೆ, 12ಕ್ಕ ಉತ್ತರ ಬಂತು, 'ವ್ಯವಹಾರ ಯಶಸ್ವಿಯಾಗಿದೆ ಎಂದು ಎಟಿಎಂ ಬ್ಯಾಂಕ್ ತಿಳಿಸಿದೆ'. ಈಗ ದೂರು ನೋಡೋ ಮ್ಯಾಲಿನ ಆಫೀಸರಿಗೆ, ಅಂದ್ರ ನೋಡಲ್ ಆಫೀಸರಿಗೆ, ಬರೀಬೇಕಂತೇನಿ. ನಿನ್ನೆ ರಾತ್ರಿ ಬರ್ದಿದ್ದು ಹಿಂಗ ಶುರು ಆಗ್ತೈತಿ:

'ನಿಮ್ಮ ಸಿಬ್ಬಂದಿ ಬೇಕಂತಲೇ ಮೂರು ಸಲ ನನ್ನ ದೂರನ್ನು ಮುಚ್ಚಿ ಹಾಕಿದ್ದಾರೆ. ಯಾರೂ ಸರಿಯಾಗಿ ತನಿಖೆ ಮಾಡಿಲ್ಲ. ಇದು ಹಗಲು ದರೋಡೆ...'

ನಮ್ಮ ಮನಿಯಾಕಿ ಓದಿ 'ಇದನ್ನ ಕಳಿಸಿದ್ರ ನಿಮಗ ರೊಕ್ಕ ಅಲ್ಲ, ವಕೀಲರ ನೋಟಿಸ್ ಬರ್ತೈತಿ' ಅಂದ್ಲು. ಸಿಟ್ಟು ಐತ್ರಿ, ಸುಳ್ಳು ಹೇಳಂಗಿಲ್ಲ, ಆದ್ರ ಕೆಲಸ ಆಗಬೇಕು. ಹೆಂಗ ಬರೀಬೇಕು ಹೇಳ್ರಿ.

ಶೆಟ್ರು_ಡೊಂಬಿವ್ಲಿ · 9:31

ಮಾರಾಯ್ರೆ, ನೀವು ಇಷ್ಟು ಮೆತ್ತಗೆ ಇದ್ರೆ ಆಗ್ಲಿಕ್ಕಿಲ್ಲ. ನಾನು ಮುಂಬೈಗೆ ಬಂದು 30 ವರ್ಷ ಆಯ್ತು, ಹೋಟೆಲು ನಡೆಸ್ತಿದ್ದೇನೆ, ಬ್ಯಾಂಕಿನವರ ಹತ್ರ ದಿನಾ ವ್ಯವಹಾರ ಉಂಟು. ಇವರಿಗೆ ಹೆದರಿಕೆ ಅಂದ್ರೆ ಆರ್‌ಬಿಐ ಒಂದೇ. ಮೇಲ್‌ನಲ್ಲಿ ಚೇರ್ಮನ್, ಎಂಡಿ, ಆರ್‌ಬಿಐ, ಫೈನಾನ್ಸ್ ಮಿನಿಸ್ಟ್ರಿ ಎಲ್ಲರನ್ನೂ ಸಿಸಿ ಹಾಕಿ. ಕನ್ಸ್ಯೂಮರ್ ಕೋರ್ಟಿಗೂ ಒಂದು ಹಾಕಿ, ಬ್ಯಾಂಕಿನ ಮೇಲಿನ ದೂರು ನೋಡುವ ಆರ್‌ಬಿಐ ಓಂಬುಡ್ಸ್‌ಮನ್‌ಗೂ ಹಾಕಿ, ಎರಡೂ ಕಡೆ ಒಟ್ಟಿಗೆ ಬಿಗಿ ಆದ್ರೆ ತಾನೇ ಬರ್ತದೆ. ಮಾನಸಿಕ ಹಿಂಸೆ ಅಂತ 1 ಲಕ್ಷ ಕೇಳಿ, ಅದಕ್ಕೆ ರೂಲ್ ಉಂಟು.

ವಾಸ್ಕೋ_ಮಂಜು · 9:58

ನಂದೂ ಇದೇ ಕಥೆ ಬ್ರೋ. ನಾನು ಗೋವಾದಲ್ಲಿರೋದು. ಡಿಸೆಂಬರ್‌ನಲ್ಲಿ ಯುಪಿಐಲಿ ರೂಮ್ ಓನರ್‌ಗೆ 4,500 ಕಳಿಸೋದು ಬೇರೆ ಯಾರಿಗೋ ಹೋಯ್ತು, ನಂಬರ್‌ನಲ್ಲಿ ಒಂದು ಅಂಕಿ ತಪ್ಪು ಒತ್ತಿದ್ದೆ. ಬ್ಯಾಂಕಿಗೆ ಹೇಳಿದ್ರೆ ನಮ್ಮದೇನೂ ಇಲ್ಲ ಅಂತಾರೆ. ನಾನೂ ನೋಡಲ್ ಆಫೀಸರ್‌ಗೆ ಬರೀಲಾ? ದಿನಕ್ಕೆ 100 ರೂಪಾಯಿ ಸಿಗುತ್ತೆ ಅಂತ ಎಲ್ಲೋ ಓದಿದೀನಿ.

ವಿಮಲಾ_ಮಾಟುಂಗಾ · 10:40

ಬಸವರಾಜ ಅವ್ರೇ, ನಾನು ಬ್ಯಾಂಕಿನಲ್ಲೇ ಕೆಲಸ ಮಾಡಿ ರಿಟೈರ್ ಆದವಳು, ಕೊನೆಯ ಏಳು ವರ್ಷ ಎಟಿಎಂ ರಿಕನ್ಸಿಲಿಯೇಷನ್ ಸೀಟಿನಲ್ಲಿದ್ದೆ. ಅಂದ್ರೆ ನಿಮ್ಮಂಥವರ ಕಾಗದಗಳು ಬಂದು ಬೀಳ್ತಿದ್ದ ಟೇಬಲ್ ಅದು. ಒಳಗಡೆ ಏನಾಗುತ್ತೆ ಅಂತ ಗೊತ್ತಾದ್ರೆ ಮೇಲ್ ಹೇಗೆ ಬರೀಬೇಕು ಅನ್ನೋದು ತಾನಾಗೇ ಹೊಳೆಯುತ್ತೆ.

ನೋಡಲ್ ಆಫೀಸಿಗೆ ಮೇಲ್ ಬಂತು ಅನ್ಕೊಳ್ಳಿ. ಅಲ್ಲಿರೋ ಹುಡುಗಿಯೋ ಹುಡುಗನೋ ಮೊದಲು ದೂರಿನ ನಂಬರ್ ಹುಡುಕ್ತಾರೆ, ಸಿಸ್ಟಮ್‌ನಲ್ಲಿ ಹಾಕ್ತಾರೆ, 'ಕ್ಲೋಸ್ಡ್' ಅಂತ ಬರುತ್ತೆ, ಕೆಳಗೆ ಒಂದು ಸಾಲು ರಿಮಾರ್ಕ್. ನಿಮ್ದು ಮೂರು ನಂಬರ್ ಇದೆಯಲ್ಲ, ಅವರಿಗೆ ಅದು ಮೂರು ಬೇರೆ ಬೇರೆ ಮುಗಿದ ಕೇಸು, ಒಂದಕ್ಕೊಂದು ಸಂಬಂಧ ಇದೆ ಅಂತ ಸಿಸ್ಟಮ್ ಹೇಳೋದಿಲ್ಲ. ಅದನ್ನ ಜೋಡಿಸಿ ಕೊಡೋದೇ ನಿಮ್ಮ ಮೇಲ್‌ನ ಕೆಲಸ. 'ಬೇಕಂತಲೇ ಮುಚ್ಚಿದ್ದಾರೆ' ಅಂತ ಬರೆದ್ರೆ ಅದನ್ನ ಯಾವ ಕಂಪ್ಯೂಟರಿನಲ್ಲೂ ಹಾಕಿ ನೋಡಕ್ಕಾಗಲ್ಲ. '17ಕ್ಕೆ ಪತ್ರ, 28ಕ್ಕೆ ಮುಕ್ತಾಯದ ಎಸ್‌ಎಂಎಸ್, ಹಣ ಬಂದಿಲ್ಲ' ಅಂತ ಬರೆದ್ರೆ ನೋಡಬಹುದು, ನೋಡಲೇಬೇಕು. ಇನ್ನೊಂದು ವಿಷಯ, ನೀವು ಬೈದಿರೋ ಸಿಬ್ಬಂದಿ ಹತ್ರಾನೇ ಆ ಮೇಲ್ ವಾಪಸ್ ಹೋಗಿ 'ಇದಕ್ಕೆ ಉತ್ತರ ಕೊಡಿ' ಅಂತ ಕೇಳ್ತಾರೆ. ಅವರು ನಿಮ್ಮ ಹಣ ಹುಡುಕೋದು ಬಿಟ್ಟು ತಮ್ಮ ರಕ್ಷಣೆಗೆ ಎರಡು ಪುಟ ಬರೀತಾರೆ. ನಾನೂ ಬರೆದಿದೀನಿ, ನಾಚಿಕೆ ಇಲ್ದೆ ಹೇಳ್ತೀನಿ.

ಶೆಟ್ರೇ, ನೀವು ಹೇಳಿದ್ರಲ್ಲಿ ಅರ್ಧ ಸರಿ. ಓಂಬುಡ್ಸ್‌ಮನ್ 1 ಲಕ್ಷದ ತನಕ ತೊಂದರೆಗೆ ಪರಿಹಾರ ಕೊಡಿಸಬಹುದು, ಹೌದು, 2021ರ ಸ್ಕೀಮ್‌ನಲ್ಲಿದೆ. ಆದರೆ ಅದೇ ವಿಷಯ ಕೋರ್ಟಿನಲ್ಲಿದ್ರೆ ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳೋದಿಲ್ಲ, ಎರಡೂ ಕಡೆ ಹಾಕಿದ್ರೆ ಒಂದು ಬಾಗಿಲು ನೀವೇ ಮುಚ್ಚಿಕೊಂಡ ಹಾಗೆ. ಆಮೇಲೆ ಆರ್‌ಬಿಐಗೆ ಸಿಸಿ ಹಾಕಿದ್ರೆ ಅದು ದೂರು ಅಂತ ಲೆಕ್ಕಕ್ಕೇ ಬರಲ್ಲ, ನೇರವಾಗಿ ಅವರಿಗೇ ಕೊಟ್ಟಿದ್ದಾದ್ರೆ ಮಾತ್ರ. cms.rbi.org.in ಅಲ್ಲಿ ಹಾಕೋದು, ಒಂದು ಪೈಸೆ ಖರ್ಚಿಲ್ಲ.

ಮಂಜು, ನಿನ್ನದು ಬೇರೆ ಜಾತಿ ಕೇಸಪ್ಪಾ. ನೀನು ತಪ್ಪು ನಂಬರ್ ಒತ್ತಿದೆ, ವ್ಯವಹಾರ ಸರಿಯಾಗೇ ಆಯ್ತು. ದಿನಕ್ಕೆ 100 ಬರೋದು ವ್ಯವಹಾರ ಫೇಲ್ ಆಗಿ ಹಣ ಕಟ್ ಆದಾಗ. ಬ್ಯಾಂಕಿಗೆ ಬರೆದು ಆ ಕಡೆಯವರನ್ನ ಕೇಳಿಸು, ಅವರು ಒಪ್ಪಿದ್ರೆ ಬರುತ್ತೆ.

ವಾಸ್ಕೋ_ಮಂಜು · 10:52

ಆ ಕಡೆಯವನು ಫೋನೇ ಎತ್ತಲ್ಲ ಆಂಟಿ 😔

ಶೆಟ್ರು_ಡೊಂಬಿವ್ಲಿ · 11:05

ಅಕ್ಕ ಹೇಳೋದು ಇರ್ಬಹುದು. ಆದ್ರೆ ಒಂದು ಮಾತು, ಬಸವರಾಜರು ಮೊದಲು ಕೊಟ್ಟದ್ದು ಫೋನಿನಲ್ಲಿ. ಫೋನಿನ ಕಂಪ್ಲೇಂಟ್ ಓಂಬುಡ್ಸ್‌ಮನ್‌ಗೆ ಲೆಕ್ಕಕ್ಕಿಲ್ಲ, ಬರೆದು ಕೊಟ್ಟದ್ದೇ ಆಗ್ಬೇಕು. ಓಂಬುಡ್ಸ್‌ಮನ್ ಹತ್ರ ಹೋಗುವ ಮೊದಲು ಬ್ಯಾಂಕಿಗೆ ಕೊಡ್ಬೇಕಾದ 30 ದಿನ ಅಲ್ಲಿಂದ ಎಣಿಸ್ಬೇಕು.

ವಿಮಲಾ_ಮಾಟುಂಗಾ · 11:20

ಕೊಟ್ಟಿದ್ದಕ್ಕೆ ಪುರಾವೆ ಇದ್ರೆ ಬೇರೆ ರೀತಿಯಲ್ಲಿ ಕೊಟ್ಟ ದೂರೂ ನಡೆಯುತ್ತೆ ಶೆಟ್ರೇ, ಇವರ ಹತ್ರ ದೂರಿನ ನಂಬರ್ ಇರೋ ಎಸ್‌ಎಂಎಸ್ ಇದೆಯಲ್ಲ. ಈ ಕೇಸಿನಲ್ಲಿ ಆ ಚರ್ಚೆನೇ ಬೇಡ. ಫೆಬ್ರವರಿ 9ರಿಂದ ಎಣಿಸಿದ್ರೂ 30 ದಾಟಿದೆ, 17ರಿಂದ ಎಣಿಸಿದ್ರೂ ಮಾರ್ಚ್ 19ಕ್ಕೆ ದಾಟಿದೆ. ಹಾಗಾಗಿ ಬಸವರಾಜ್ ಇವತ್ತೇ ಓಂಬುಡ್ಸ್‌ಮನ್ ಹತ್ರ ಹೋಗಬಹುದು. ಆದರೂ ನೋಡಲ್ ಆಫೀಸರಿಗೆ ಒಂದು ಒಳ್ಳೆ ಮೇಲ್ ಹಾಕಿ ಹತ್ತು ದಿನ ನೋಡಿ ಅಂತೀನಿ, ಯಾಕಂದ್ರೆ ಅಲ್ಲಿಗೆ ಹೋದರೂ ಇದೇ ಟೈಮ್‌ಲೈನ್ ಅಂಟಿಸಬೇಕು, ಕೆಲಸ ವ್ಯರ್ಥ ಆಗಲ್ಲ.

ಬಸವರಾಜ್, ಬಂದಿರೋ ಮೆಸೇಜು, ಮೇಲು ಎಲ್ಲ ಇದ್ದ ಹಾಗೇ ಟೈಪ್ ಮಾಡಿ ಹಾಕಿ. ಅಕೌಂಟ್ ನಂಬರ್ ಹಾಕಬೇಡಿ, ರೆಫರೆನ್ಸ್ ನಂಬರಿನ ಕೊನೇ ನಾಲ್ಕು ಅಂಕಿ ಸಾಕು.

ಬಸು_ಕೋಥ್ರೂಡ್ · ಮಧ್ಯಾಹ್ನ 12:15

ಹಾಕೇನ್ರಿ ಅಕ್ಕಾರ.

ಫೆ 8, 7:42, ರೊಕ್ಕ ಕಟ್ ಆದ ಎಸ್‌ಎಂಎಸ್, ರೆಫರೆನ್ಸ್ ಕೊನಿಗೆ 2876.
ಫೆ 9, ಫೋನ್ ಕಂಪ್ಲೇಂಟ್. ನಂಬರಿನ ಕೊನಿಗೆ 118.
ಫೆ 14, '118 ಬಗೆಹರಿದಿದೆ'. ಮತ್ತೇನೂ ಇಲ್ಲ.
ಫೆ 17, ಬ್ರಾಂಚ್ ಪತ್ರ. ನಾ ಬರ್ದಿದ್ದು ಇಷ್ಟ: 'ಫೆಬ್ರವರಿ 8ರ ಸಂಜೆ ಕರ್ವೆ ರಸ್ತೆಯ ಎಟಿಎಂನಲ್ಲಿ 10,000 ಬರಲಿಲ್ಲ, ದಯವಿಟ್ಟು ಹಣ ಕೊಡಿಸಿ'. ಹೊಸ ನಂಬರ್ ಕೊನಿಗೆ 604.
ಫೆ 28, '604 ಬಗೆಹರಿದಿದೆ'.
ಮಾ 3, ನನ್ನ ಇಮೇಲ್. 604 ಮತ್ತ ತೆರೀರಿ ಅಂತ. ಹೊಸ ನಂಬರ್ ಕೊನಿಗೆ 957.
ಮಾ 12, ಉತ್ತರ: '10,000ದ ವ್ಯವಹಾರ, ರೆಫರೆನ್ಸ್ ಕೊನೆಗೆ 3391, ಎಟಿಎಂ ಬ್ಯಾಂಕಿನ ದಾಖಲೆ ಪ್ರಕಾರ ಯಶಸ್ವಿಯಾಗಿದೆ, ಹಣ ವಿತರಣೆಯಾಗಿದೆ'.

ಹಿಂಜವಡಿ_ಸುಹಾಸ · 12:33

ಮೈಸೂರು ಕಡೆಯವನು, ಸುಮ್ನೆ ಓದ್ತಾ ಇದ್ದೆ. ಬಸವರಾಜ್ ಅವ್ರೆ ಒಂದು ಡೌಟು, ಮೊದಲ ಎಸ್‌ಎಂಎಸ್‌ನಲ್ಲಿ 2876 ಇದೆ, ಕೊನೇ ಮೇಲ್‌ನಲ್ಲಿ 3391 ಇದೆ. ಇದು ಟೈಪೋನಾ, ಇಲ್ಲ ನಿಜವಾಗ್ಲೂ ಬೇರೆನಾ? ಒಂದೇ ವಿತ್‌ಡ್ರಾವಲ್‌ಗೆ ಎರಡು ರೆಫರೆನ್ಸ್ ಬರಬಾರ್ದು ಅಲ್ವಾ. ನೀವು ಆಮೇಲೆ ಇನ್ನೊಂದು ಎಟಿಎಂನಲ್ಲಿ ತೆಗೆದೆ ಅಂದ್ರಲ್ಲ, ಎಷ್ಟು ತೆಗೆದ್ರಿ?

ಬಸು_ಕೋಥ್ರೂಡ್ · 12:58

ಅಯ್ಯಯ್ಯೋ.

ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಅವತ್ತ ಎರಡು ಸಾಲು ಅದಾವ್ರಿ. 7:42ಕ್ಕ 10,000, ಕೊನಿಗೆ 2876. 8:09ಕ್ಕ ಮತ್ತ 10,000, ಕೊನಿಗೆ 3391. ಎರಡನೇದ್ದು ನಾ ಟೆಂಪೋದವಗ ಕೊಡ್ಲಿಕ್ಕೆ ತೆಗೆದಿದ್ದು, ಅದೂ ಬ್ಯಾರೆ ಬ್ಯಾಂಕಿಂದೇ, ಅದೂ ಕರ್ವೆ ರೋಡ್ ಮ್ಯಾಲೇ, ಸ್ವಲ್ಪ ಮುಂದ. ಆ ರೊಕ್ಕ ನನ್ನ ಕೈಗೆ ಬಂದೈತಿ. ಅಂದ್ರ ಇವ್ರು ಒಂದು ತಿಂಗಳಿಂದ ಬಂದ ರೊಕ್ಕಾನ ನೋಡಿ 'ಬಂದೈತಿ' ಅಂತ ಹೇಳ್ಕೋತ ಕುಂತಾರ! ಅವ್ರು ಹೇಳಿದ್ದೂ ಖರೇ, ನಾ ಹೇಳಿದ್ದೂ ಖರೇ. ನಾ ಪತ್ರದಾಗ ಟೈಮೂ ಬರ್ದಿಲ್ಲ, ರೆಫರೆನ್ಸೂ ಬರ್ದಿಲ್ಲ. ಹಗಲು ದರೋಡೆ ಅಂತ ಕಳಿಸಿದ್ರ ಮಾರಿ ಎಲ್ಲಿ ಇಟ್ಕೋತಿದ್ದೆ.

ಶೆಟ್ರು_ಡೊಂಬಿವ್ಲಿ · 1:10

ಇದು ಒಳ್ಳೆ ಕಥೆ ಆಯ್ತಲ್ಲ ಮಾರಾಯ್ರೆ 😂 ಆದ್ರೂ ಬ್ರಾಂಚಿನವರು ಕೇಳ್ಬೇಕಿತ್ತು, 'ಎರಡು ಉಂಟಲ್ಲ, ಯಾವುದು' ಅಂತ. ಅದು ಅವರ ತಪ್ಪೇ.

ವಿಮಲಾ_ಮಾಟುಂಗಾ · 1:45

ಸುಹಾಸ, ಭೇಷ್. ಕೌಂಟರಿನಲ್ಲಿದ್ದೋರು ಸ್ಟೇಟ್‌ಮೆಂಟ್ ತೆಗೆದಾಗ ಹೊಸದು ಮೇಲೆ ಕಂಡಿರುತ್ತೆ, ಮೊತ್ತ ಒಂದೇ, ರಸ್ತೆ ಒಂದೇ, ಅದನ್ನೇ ಎತ್ತಿ ಹಾಕಿರಬಹುದು. ಇರಬಹುದು ಅಂತ ಹೇಳ್ತಿದೀನಿ, ನಮಗೆ ಗೊತ್ತಿಲ್ಲ, ಅದಕ್ಕೇ ಮೇಲ್‌ನಲ್ಲಿ 'ನಿಮ್ಮವರು ತಪ್ಪು ವ್ಯವಹಾರ ನೋಡಿದ್ದಾರೆ' ಅಂತಾನೂ ಬರೀಬೇಡಿ. 'ಉತ್ತರದಲ್ಲಿರುವ ರೆಫರೆನ್ಸ್ 3391, ನನ್ನ ದೂರು 2876ರ ಬಗ್ಗೆ' ಅಷ್ಟೇ. ಓದಿದೋರಿಗೆ ಒಂದು ಸೆಕೆಂಡಿನಲ್ಲಿ ಅರ್ಥ ಆಗುತ್ತೆ. 3391 ನನಗೆ ಬಂದಿದೆ ಅಂತ ನೀವೇ ಮೊದಲು ಹೇಳಿಬಿಡಿ, ಅದರಿಂದ ನಿಮ್ಮ ಮಾತಿಗೆ ತೂಕ ಬರುತ್ತೆ.

ಹಾಗಂತ ಇಲ್ಲಿಗೆ ಮುಗೀತು ಅನ್ಕೋಬೇಡಿ. ಮೊದಲನೇ ಫೋನ್ ದೂರು, 118, ಅದನ್ನ ಕೊಡುವಾಗ ಟೈಮ್ ಹೇಳಿದ್ರಾ?

ಬಸು_ಕೋಥ್ರೂಡ್ · 1:52

ಹೇಳಿದ್ದೆ ಅಕ್ಕಾರ. ಆ ಹುಡುಗಿ ತಾನೇ '7:42 ಅಲ್ವಾ' ಅಂತ ಹಿಂದಿಯೊಳಗ ಓದಿ ಹೇಳಿದ್ಲು.

ವಿಮಲಾ_ಮಾಟುಂಗಾ · 2:30

ಹಂಗಾದ್ರೆ 118 ಸರಿಯಾದ ವ್ಯವಹಾರದ ಮೇಲೇ ಹೋಗಿರಬೇಕು, ಆದರೂ ಮುಚ್ಚಿದ್ದಾರೆ. ಅದಕ್ಕೆ ಕಾರಣ ಇನ್ನೊಂದು ಇರಬಹುದು, ಅದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಎಟಿಎಂನಲ್ಲಿ 'ಯಶಸ್ವಿ' ಅನ್ನೋದನ್ನ ಮೂರು ಕಡೆ ನೋಡಬಹುದು. ಒಂದು ಸ್ವಿಚ್, ಅಂದ್ರೆ ನಿಮ್ಮ ಬ್ಯಾಂಕು 'ಕೊಡು' ಅಂತ ಒಪ್ಪಿಗೆ ಕೊಟ್ಟ ದಾಖಲೆ. ಅದರಲ್ಲಿ ಯಶಸ್ವಿ ಅಂತ ಇದ್ರೆ ಅಕೌಂಟಿಂದ ಕಟ್ ಆಯ್ತು ಅಂತಷ್ಟೇ ಅರ್ಥ, ನೋಟು ಹೊರಗೆ ಬಂತು ಅಂತಲ್ಲ. ಎರಡನೇದು ಮೆಷಿನ್ ತಾನೇ ಬರ್ಕೊಳ್ಳೋ ಡೈರಿ, ನಾವು ಇಜೆ ಅಂತಿದ್ವಿ. ಯಾವ ಡಬ್ಬಿಯಿಂದ ಎಷ್ಟು ನೋಟು ಎತ್ತಿತು, ಬಾಯಿಗೆ ತಂತಾ, ಗ್ರಾಹಕ ತಗೊಂಡ್ರಾ, ದೋಷದ ಕೋಡ್ ಏನಾದ್ರೂ ಬಂತಾ, ಎಲ್ಲ ಅದರಲ್ಲಿರುತ್ತೆ. ನಿಮ್ಮ ಕೇಸಿನಲ್ಲಿ 500ರ 20 ನೋಟು ಅಂದ್ರೆ ಅದು 20 ಎಣಿಸಿದ್ದು ಅಲ್ಲಿ ಕಾಣುತ್ತೆ, ಬಾಯಿ ತೆರೆಯದೇ ಇದ್ರೆ ಅದೂ ಸಾಮಾನ್ಯವಾಗಿ ಕಾಣಬೇಕು. ಆದರೆ ಅದೂ ಕೆಲವು ಸಲ ಮೋಸ ಮಾಡುತ್ತೆ, ದಾಖಲೆ ಅರ್ಧದಲ್ಲೇ ನಿಂತಿರುತ್ತೆ. ಮೂರನೇದೇ ಗಟ್ಟಿ: ಕ್ಯಾಶ್ ತುಂಬೋರು ಬಂದಾಗ ಡಬ್ಬಿ ತೆಗೆದು ಕೈಯಲ್ಲಿರೋ ನೋಟನ್ನೂ ಮೆಷಿನ್ ಲೆಕ್ಕವನ್ನೂ ತಾಳೆ ಹಾಕ್ತಾರೆ. ನಿಮ್ಮ 20 ನೋಟು ಹೊರಗೆ ಬರದೇ ಒಳಗೇ ತಿರಸ್ಕೃತ ನೋಟಿನ ಡಬ್ಬಿಗೆ ಬಿದ್ದಿದ್ರೆ ಅವತ್ತಿನ ತಾಳೆಯಲ್ಲಿ 10,000 ಹೆಚ್ಚು ಬರುತ್ತೆ. ಆ ಹೆಚ್ಚು ಹಣ ಬ್ಯಾಂಕಿಂದಲ್ಲ, ಯಾರದೋ ಬಸವರಾಜಂದು.

ಐದೇ ದಿನದಲ್ಲಿ ಮುಚ್ಚಿದ್ದಾರೆ ಅಂದ್ರೆ ಮೊದಲನೇದು ಅಥವಾ ಎರಡನೇದು ನೋಡಿ ಮುಚ್ಚಿರಬಹುದು. ಹಾಗಾಗಿ ಮೇಲ್‌ನಲ್ಲಿ ಕೇಳಬೇಕಾದ್ದು 'ನನ್ನ ಹಣ ಕೊಡಿ' ಅಂತಷ್ಟೇ ಅಲ್ಲ. 2876ರ ಇಜೆ, ಮತ್ತು ಆ ವ್ಯವಹಾರ ಆದಮೇಲಿನ ಮೊದಲ ಕ್ಯಾಶ್ ತಾಳೆ ಪತ್ರ, ಇವೆರಡನ್ನ ಎಟಿಎಂ ಬ್ಯಾಂಕಿಂದ ತರಿಸಿ ನೋಡಿ ಅಂತ ಕೇಳಿ. ಕ್ಯಾಮೆರಾ ದೃಶ್ಯ ಕಾಪಾಡಿ ಅಂತ ಒಂದು ಸಾಲು ಸೇರಿಸಿ, ಅದನ್ನ ಶಾಶ್ವತವಾಗಿ ಇಟ್ಟುಕೊಳ್ಳಲ್ಲ, ಇದನ್ನ ನೀವು ಮೊದಲ ದಿನಾನೇ ಕೇಳಬೇಕಿತ್ತು.

ಹಿಂಜವಡಿ_ಸುಹಾಸ · 2:48

ಮೇಡಂ, ಎಟಿಎಂ ಬೇರೆ ಬ್ಯಾಂಕಿಂದು ಅಲ್ವಾ, ಅವರಿಗೇ ಮೇಲ್ ಹಾಕಿದ್ರೆ ಬೇಗ ಆಗಲ್ವಾ?

ವಿಮಲಾ_ಮಾಟುಂಗಾ · 2:55

ಆಗಲ್ಲಪ್ಪ. ಕಾರ್ಡ್ ಕೊಟ್ಟ ಬ್ಯಾಂಕೇ ಅವರ ಹತ್ರ ಕೇಳಬೇಕು, ಅದಕ್ಕೆ ಅವರದೇ ದಾರಿ ಇದೆ. ಎಟಿಎಂ ಬ್ಯಾಂಕಿನವರು ನಿಮ್ಮನ್ನ ಗ್ರಾಹಕ ಅಂತಾನೇ ನೋಡಲ್ಲ.

ಬಸು_ಕೋಥ್ರೂಡ್ · ಸಂಜೆ 6:20

ಮಗಳ ಕ್ಲಾಸ್ ಬಿಡಿಸ್ಕೊಂಡು ಬಂದು ಕುಂತು ಬರ್ದೀನಿ. ಇಂಗ್ಲಿಷ್‌ನ್ಯಾಗ ಕಳಸ್ತೀನ್ರಿ, ನಿಮಗ ತೋರ್ಸಲಿಕ್ಕೆ ಕನ್ನಡದಾಗ. ನೋಡ್ರಿ ಹೆಂಗೈತಿ.

ವಿಷಯ: ಎಟಿಎಂ ಹಣ ಬಾರದ ವ್ಯವಹಾರ, 8-2-2025, ₹10,000, ರೆಫರೆನ್ಸ್ ಕೊನೆಗೆ 2876, ಮರುಪರಿಶೀಲನೆ ಕೋರಿ

ಮಾನ್ಯರೇ,

ನನ್ನ ಉಳಿತಾಯ ಖಾತೆಯಿಂದ (ಕೊನೆಯ ನಾಲ್ಕು ಅಂಕಿ ಕೆಳಗಿದೆ) 8-2-2025ರ ಸಂಜೆ 7:42ಕ್ಕೆ ಬೇರೆ ಬ್ಯಾಂಕಿನ ಎಟಿಎಂನಲ್ಲಿ ₹10,000 ಕಡಿತವಾಯಿತು. ಹಣ ಹೊರಬರಲಿಲ್ಲ. ಇದೇ ವಿಷಯವಾಗಿ ಮೂರು ದೂರು ಸಂಖ್ಯೆಗಳಿವೆ. ಮೂರೂ ಒಂದೇ ವ್ಯವಹಾರಕ್ಕೆ ಸೇರಿದವು.

9-2: ದೂರವಾಣಿ ದೂರು, 118. 14-2: ಮುಕ್ತಾಯದ ಎಸ್‌ಎಂಎಸ್. ಕಾರಣ ನಮೂದಿಸಿಲ್ಲ.
17-2: ಶಾಖೆಗೆ ಪತ್ರ, 604. ಪತ್ರದಲ್ಲಿ ನಾನು ಸಮಯ ಮತ್ತು ರೆಫರೆನ್ಸ್ ಬರೆದಿರಲಿಲ್ಲ. 28-2: ಮುಕ್ತಾಯದ ಎಸ್‌ಎಂಎಸ್.
3-3: ಇಮೇಲ್, 957. 12-3: ಉತ್ತರ. ಅದರಲ್ಲಿರುವ ರೆಫರೆನ್ಸ್ 3391.

ಅದೇ ದಿನ 8:09ಕ್ಕೆ ನಾನು ಇನ್ನೊಂದು ಎಟಿಎಂನಲ್ಲಿ ₹10,000 ತೆಗೆದಿದ್ದೆ, ಅದರ ರೆಫರೆನ್ಸ್ 3391, ಆ ಹಣ ನನಗೆ ಬಂದಿದೆ. ನನ್ನ ದೂರು 2876ರ ಬಗ್ಗೆ ಮಾತ್ರ. 22-3ರವರೆಗೆ ಈ ಮೊತ್ತ ಖಾತೆಗೆ ಮರಳಿಲ್ಲ.

ನನ್ನ ಕೋರಿಕೆ: 2876ರ ಇಜೆ ಹಾಗೂ ಅನಂತರದ ಮೊದಲ ನಗದು ತಾಳೆ ಪತ್ರವನ್ನು ಎಟಿಎಂ ಬ್ಯಾಂಕಿನಿಂದ ತರಿಸಿ ಪರಿಶೀಲಿಸಬೇಕು, ಕ್ಯಾಮೆರಾ ದೃಶ್ಯ ಲಭ್ಯವಿದ್ದರೆ ಉಳಿಸಿಡಲು ತಿಳಿಸಬೇಕು. 4-4-2025ರೊಳಗೆ ಉತ್ತರ ನೀಡಿದರೆ ಉಪಕಾರವಾಗುತ್ತದೆ. ಎಸ್‌ಎಂಎಸ್‌ಗಳ ಚಿತ್ರ, ಸೀಲ್ ಇರುವ ಪತ್ರ, ಆ ದಿನದ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ.

ಇಂತಿ...

ಶೆಟ್ರು_ಡೊಂಬಿವ್ಲಿ · 6:41

ಚೆಂದ ಉಂಟು, ಆದ್ರೆ 'ಸಮಯ ಬರೆದಿರಲಿಲ್ಲ' ಅಂತ ನೀವೇ ಒಪ್ಪಿಕೊಂಡದ್ದು ಎಂತಕ್ಕೆ? ಅವರು ಅದನ್ನೇ ಹಿಡ್ಕೊಂಡು 'ತಪ್ಪು ನಿಮ್ಮದೇ' ಅಂತ ಹೇಳ್ತಾರೆ. ಮತ್ತೆ ದಿನಕ್ಕೆ 100 ಎಲ್ಲಿ ಹೋಯ್ತು?

ವಿಮಲಾ_ಮಾಟುಂಗಾ · 7:15

ಆ ಸಾಲು ಇರಲಿ. ಪತ್ರ ಅವರ ಫೈಲಿನಲ್ಲೇ ಇದೆ, ಮುಚ್ಚಿಟ್ರೂ ಕಾಣುತ್ತೆ. ನೀವೇ ಹೇಳಿದ್ರೆ ಬ್ರಾಂಚಿನವರಿಗೂ ಮುಖ ಉಳಿಯುತ್ತೆ, 'ಗ್ರಾಹಕರು ವಿವರ ಕೊಟ್ಟಿರಲಿಲ್ಲ, ಈಗ ಕೊಟ್ಟಿದ್ದಾರೆ' ಅಂತ ಬರೆದು ಕೇಸ್ ತೆರೆಯೋದು ಅವರಿಗೆ ಸುಲಭ. ತೆರೆಯೋದು ನಮಗೆ ಬೇಕು, ಯಾರ ತಪ್ಪು ಅನ್ನೋದು ಆಮೇಲೆ ನೋಡಿದ್ರಾಯ್ತು.

100ರ ವಿಷಯ ಶೆಟ್ರು ನೆನಪಿಸಿದ್ದು ಒಳ್ಳೆದಾಯ್ತು. ಆರ್‌ಬಿಐನ 2019 ಸೆಪ್ಟೆಂಬರ್ 20ರ ಸುತ್ತೋಲೆ ಇದೆ, ಎಟಿಎಂನಲ್ಲಿ ಹಣ ಬರದೇ ಕಟ್ ಆಗಿದ್ರೆ ವ್ಯವಹಾರದ ದಿನದಿಂದ ಐದು ದಿನದೊಳಗೆ ವಾಪಸ್ ಹಾಕಬೇಕು, ಆಮೇಲೆ ದಿನಕ್ಕೆ ₹100, ಗ್ರಾಹಕ ಕೇಳದೇನೇ ಹಾಕಬೇಕು. ನಿಮಗೆ ಫೆಬ್ರವರಿ 13ಕ್ಕೆ ಐದು ದಿನ ಮುಗೀತು. 14ರಿಂದ ಇವತ್ತಿನ ತನಕ 37 ದಿನ, 3,700. ಇದನ್ನ ಕೋರಿಕೆ ಕೆಳಗೆ ಒಂದೇ ಸಾಲಿನಲ್ಲಿ ಹಾಕಿ: 'ಹಣ ವಿತರಣೆಯಾಗಿಲ್ಲ ಎಂದು ಕಂಡುಬಂದಲ್ಲಿ ಆರ್‌ಬಿಐನ 20-9-2019ರ ಸುತ್ತೋಲೆಯ ಪ್ರಕಾರ ವಿಳಂಬದ ಮೊತ್ತವನ್ನೂ ಸೇರಿಸಬೇಕು'. 'ಕಂಡುಬಂದಲ್ಲಿ' ಅನ್ನೋದು ಮುಖ್ಯ, ಯಾಕಂದ್ರೆ ಅದು ಇನ್ನೂ ಸಾಬೀತಾಗಿಲ್ಲ. 1 ಲಕ್ಷ ಇಲ್ಲಿ ಬೇಡ.

ಇನ್ನೆರಡು. 'ಎಟಿಎಂನಲ್ಲಿ' ಅಂತ ಬಿಟ್ಟಿದೀರಿ, ಎಟಿಎಂ ಐಡಿ ಹಾಕಿ, ಮೆಷಿನ್ ಮೇಲೆ ಸ್ಟಿಕ್ಕರ್ ಇರುತ್ತಲ್ಲ. ಬ್ರಾಂಚ್ ಮ್ಯಾನೇಜರಿಗೆ ಸಿಸಿ ಹಾಕಿ, ಬೇರೆ ಯಾರಿಗೂ ಬೇಡ.

ಬಸು_ಕೋಥ್ರೂಡ್ · 7:24

ಸ್ಟಿಕ್ಕರ್ ಫೋಟೋ ಹೊಡ್ದಿಲ್ರಿ ಅಕ್ಕಾರ. ಈಗ ಹೋಗಿ ಬರ್ತೀನಿ, ಹತ್ತು ನಿಮಿಷದ ದಾರಿ.

ವಾಸ್ಕೋ_ಮಂಜು · 7:40

ಇಂಗ್ಲಿಷ್‌ನಲ್ಲೇ ಯಾಕೆ, ಮರಾಠಿಲಿ ಬರೆದ್ರೆ ಅಲ್ಲಿ ಬೇಗ ಓದ್ತಾರೇನೋ ಅಲ್ವಾ?

ಹಿಂಜವಡಿ_ಸುಹಾಸ · 7:46

ಬ್ರಾಂಚಲ್ಲಿ ಓಕೆ ಗುರು, ನೋಡಲ್ ಆಫೀಸ್ ಬೇರೆ ಊರಲ್ಲೂ ಇರಬಹುದು, ಯಾರು ಓದ್ತಾರೋ.

ಬಸು_ಕೋಥ್ರೂಡ್ · ರಾತ್ರಿ 9:05

ಸ್ಟಿಕ್ಕರ್ ಸಿಕ್ತು, ಅರ್ಧ ಕಿತ್ತು ಹೋಗೇತಿ, ಆದ್ರ ಅಂಕಿ ಓದ್ಲಿಕ್ಕೆ ಬರ್ತಾವ. ಒಳಗ ಒಬ್ರು ಅಜ್ಜಾರು ರೊಕ್ಕ ತೆಗೀತಿದ್ರು, ನಾ ಮೆಷಿನ್ ಫೋಟೋ ಹೊಡ್ಯೋದು ನೋಡಿ ಗಾಬರಿಯಾಗಿ ಪಿನ್ ಒತ್ತೋ ಕೈ ಮುಚ್ಕೊಂಡ್ರು. 'ಕಾಕಾ, ಅಡ್ಡಬಿದ್ದೆ, ನಂದೇ ರೊಕ್ಕ ಇದರೊಳಗ ಕುಂತೈತಿ' ಅಂತ ಮರಾಠಿಯೊಳಗ ಹೇಳಿದೆ, ನಕ್ಕರು. ಮೇಲ್ ಕಳಿಸೀನ್ರಿ. ಎರಡು ಸಲ ಓದಿ ಒಂದು 'ದಯವಿಟ್ಟಾದರೂ' ತೆಗೆದೆ, ಆ 'ಆದರೂ' ಒಳಗ ನನ್ನ ಸಿಟ್ಟು ಕುಂತಿತ್ತು.

ಬಸು_ಕೋಥ್ರೂಡ್ · ಮಾರ್ಚ್ 26, ಸಂಜೆ 5:50

ಉತ್ತರ ಬಂತ್ರಿ! ನೋಡಲ್ ಆಫೀಸಿಂದ. '2876ರ ಬಗ್ಗೆ ಎಟಿಎಂ ಬ್ಯಾಂಕಿಗೆ ದಾಖಲೆ ಕೋರಿ ಹೊಸದಾಗಿ ಬರೆಯಲಾಗಿದೆ, ಹಿಂದಿನ 604 ಮತ್ತು 957 3391ರ ಮೇಲೆ ಪರಿಶೀಲಿಸಲ್ಪಟ್ಟಿದ್ದವು.' ಇಷ್ಟ. ಬ್ರಾಂಚ್ ಮ್ಯಾನೇಜರೂ ಫೋನ್ ಮಾಡಿದ್ರು, ಸ್ವಲ್ಪ ಮೆತ್ತಗ ಮಾತಾಡಿದ್ರು. 118 ಯಾಕ ಮುಚ್ಚಿದ್ರು ಅಂತ ಯಾರೂ ಹೇಳಿಲ್ಲ. 100ರ ಬಗ್ಗೆನೂ ಏನೂ ಇಲ್ಲ.

ಶೆಟ್ರು_ಡೊಂಬಿವ್ಲಿ · 6:02

ನೋಡಿ, ದುಡ್ಡು ಇನ್ನೂ ಬರ್ಲಿಲ್ಲ. ಸಿಸಿ ಹಾಕಿದ್ದಿದ್ರೆ ಇವತ್ತೇ ಬರ್ತಿತ್ತು ಅಂತ ನನ್ನ ಅಭಿಪ್ರಾಯ, ಸುಮ್ನಿರ್ತೇನೆ.

ವಿಮಲಾ_ಮಾಟುಂಗಾ · 6:30

ತಾಳೆ ಪತ್ರ ಬರೋ ತನಕ ಏನೂ ಹೇಳಕ್ಕಾಗಲ್ಲ ಶೆಟ್ರೇ. ಹೆಚ್ಚು ಹಣ ತೋರಿಸ್ಲಿಲ್ಲ ಅಂದ್ರೆ ನಿಜವಾಗಿ ಕಷ್ಟ ಆಗುತ್ತೆ, ಆಗ ಓಂಬುಡ್ಸ್‌ಮನ್‌ಗೆ ಇದೇ ಟೈಮ್‌ಲೈನ್ ಹಾಕೋಣ. 100ರ ಬಗ್ಗೆ ವಾದ ಮಾಡ್ತಾರೆ, ಪತ್ರದಲ್ಲಿ ವಿವರ ಇರಲಿಲ್ಲ ಅಂತ. ಸುತ್ತೋಲೆ ದೂರಿನ ದಿನದಿಂದ ಎಣಿಸೋದಿಲ್ಲ, ವ್ಯವಹಾರದ ದಿನದಿಂದ ಎಣಿಸುತ್ತೆ, ಆದರೆ ಬ್ಯಾಂಕು ಒಪ್ಪುತ್ತಾ ಅನ್ನೋದು ನೋಡಬೇಕು. ಬಸವರಾಜ್, ಈ ಉತ್ತರದ ತಾರೀಖನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ, ಏಪ್ರಿಲ್ 4ಕ್ಕೆ ಮತ್ತೆ ಒಂದು ಸಾಲಿನ ಮೇಲ್, ಇದೇ ಮೇಲ್‌ಗೆ ರಿಪ್ಲೈ ಆಗಿ. ಹೊಸ ಮೇಲ್ ಹಾಕಿದ್ರೆ ಹೊಸ ನಂಬರ್ ಬಂದುಬಿಡುತ್ತೆ.

ವಾಸ್ಕೋ_ಮಂಜು · 6:44

ಆಂಟಿ, ಆ 4,500ರವನು ಫೋನ್ ಎತ್ತಿದ. 'ತಿಂಗಳ ಕೊನೇಲಿ ಕೊಡ್ತೀನಿ' ಅಂದ. ಇದನ್ನೂ ತಾರೀಖು ಹಾಕಿ ಬರ್ಕೊಳ್ಲಾ?